ವಾರಂಟಿ ಇರುವಾಗಲೇ ಚಾರ್ಜ್ ನಿಂತ ಫೋನು: ಸರ್ವಿಸ್ ಸೆಂಟರ್‌ಗೆ ನಾನು ಬರೆದ ಮೇಲ್

‘ಫೋನ್ ಚಾರ್ಜ್ ಆಗುತ್ತಿಲ್ಲ, ಸರಿ ಮಾಡಿಕೊಡಿ’ ಎಂದಷ್ಟೇ ಬರೆದರೆ ಸರ್ವಿಸ್ ಸೆಂಟರ್‌ನಿಂದ ಬರುವ ಮೊದಲ ಉತ್ತರ ಹೆಚ್ಚಾಗಿ ‘ಬೇರೆ ಕೇಬಲ್ ಹಾಕಿ ನೋಡಿ’ ಎಂದಿರುತ್ತದೆ. ಅವರು ಕೇಳುವ ಪರೀಕ್ಷೆಗಳನ್ನು ಮೊದಲೇ ಮಾಡಿ, ಕಂಡದ್ದನ್ನು ಮೊದಲ ಮೇಲ್‌ನಲ್ಲೇ ಬರೆದರೆ ಆ ಸುತ್ತು ತಪ್ಪುತ್ತದೆ. ನಾನು ಮಾಡಿದ್ದು ಅದನ್ನೇ.

ಬ್ಯಾಟರಿ ಪೂರ್ತಿ ಇಳಿಯುವ ಮೊದಲು ಎರಡು ಕೆಲಸ ಮುಗಿಸಬೇಕು. ಒಂದು, ಬ್ಯಾಕಪ್. ರಿಪೇರಿಯಲ್ಲಿ ಮುಖ್ಯ ಬೋರ್ಡ್ ಬದಲಾದರೆ ಒಳಗಿನ ಫೋಟೊ, ಸಂಪರ್ಕಗಳು ಉಳಿಯುವುದಿಲ್ಲ. ಇನ್ನೊಂದು, *#06# ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬರೆದುಕೊಳ್ಳುವುದು. ಎರಡು ಸಿಮ್‌ನ ಫೋನಿನಲ್ಲಿ 15 ಅಂಕಿಯ ಎರಡು ಸಂಖ್ಯೆ ಕಾಣುತ್ತವೆ. ಬಿಲ್ಲಿನಲ್ಲಿ ಇರುವುದು ಯಾವುದೋ ಅದನ್ನು ಕೊಡಬೇಕು. ಫೋನ್ ಆಗಲೇ ಆರಿಹೋಗಿದ್ದರೆ ಡಬ್ಬಿಯ ಮೇಲಿನ ಚೀಟಿಯಲ್ಲಿ ಆ ಸಂಖ್ಯೆ ಸಿಗುತ್ತದೆ.

ಇನ್ನು ಪರೀಕ್ಷೆ. ನನ್ನ ಕೇಬಲ್, ಅಡಾಪ್ಟರ್‌ಗಳಿಂದ ಬೇರೊಂದು ಫೋನ್ ಚಾರ್ಜ್ ಆಯಿತು. ಆ ಫೋನಿನ ಚಾರ್ಜರ್‌ನಿಂದ ನನ್ನದು ಆಗಲಿಲ್ಲ. ಹೀಗೆ ಎರಡೂ ಕಡೆಯಿಂದ ನೋಡಿದರೆ ಮಾತ್ರ ಚಾರ್ಜರ್ ತಪ್ಪಲ್ಲ ಎಂದು ಖಚಿತವಾಗುತ್ತದೆ. ಆಮೇಲೆ ಟಾರ್ಚ್ ಹಿಡಿದು ಪೋರ್ಟ್ ಒಳಗೆ ನೋಡಿದೆ. ಜೇಬಿನ ನೂಲುಪುಡಿ ತಳದಲ್ಲಿ ಒತ್ತಾಗಿ ಕೂತರೆ ಪಿನ್ ಪೂರ್ತಿ ಒಳಹೋಗುವುದಿಲ್ಲ. ನನ್ನದರಲ್ಲಿ ಪೂರ್ತಿ ಕೂರುತ್ತಿತ್ತು. ಕಸ ಕಂಡರೆ ಫೋನ್ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಬಹುದು. ಸೂಜಿ ಬೇಡ, ಒಳಗಿನ ಲೋಹದ ತುದಿಗಳು ಬಾಗುತ್ತವೆ, ಆ ಗೀರುಗಳನ್ನೇ ತೋರಿಸಿ ವಾರಂಟಿ ಇಲ್ಲ ಎನ್ನಲೂಬಹುದು.

ಹೆಚ್ಚು ಸುಳಿವು ಸಿಗುವುದು ಕಂಪ್ಯೂಟರ್‌ಗೆ ಜೋಡಿಸಿದಾಗ. ಡೇಟಾ ಸಾಗಿಸುವ ಕೇಬಲ್ಲೇ ಆಗಬೇಕು. ಕೆಲವು ಕೇಬಲ್‌ಗಳು ಚಾರ್ಜಿಗೆ ಮಾತ್ರ. ಕಂಪ್ಯೂಟರ್ ಫೋನನ್ನು ಗುರುತಿಸಿಯೂ ಚಾರ್ಜ್ ಏರದಿದ್ದರೆ ಅನುಮಾನ ಬ್ಯಾಟರಿ ಅಥವಾ ಚಾರ್ಜಿಂಗ್ ನಿಯಂತ್ರಿಸುವ ಚಿಪ್ ಕಡೆ ಹೋಗುತ್ತದೆ. ಗುರುತಿಸುವುದೂ ಇಲ್ಲ, ಚಾರ್ಜೂ ಇಲ್ಲ ಎಂದರೆ ಪೋರ್ಟ್ ಅಥವಾ ಅದು ಕೂತಿರುವ ಚಿಕ್ಕ ಬೋರ್ಡ್ ಕಡೆ. ನನ್ನದು ಎರಡನೆಯ ಬಗೆ. ಕೊನೆಗೆ ಫೋನ್ ಆಫ್ ಮಾಡಿ ಚಾರ್ಜಿಗೆ ಹಾಕಿದೆ. ಆಗಲೂ ಬ್ಯಾಟರಿ ಚಿಹ್ನೆ ಬರದಿದ್ದರೆ ಯಾವುದೋ ಆ್ಯಪ್‌ನ ಕಾಟ ಎನ್ನಲು ಆಗುವುದಿಲ್ಲ.

ಮೇಲ್ ಹೀಗಿತ್ತು:

ವಿಷಯ: ವಾರಂಟಿ ಅವಧಿಯಲ್ಲಿ ಫೋನ್ ಚಾರ್ಜ್ ಆಗುತ್ತಿಲ್ಲ, ಖರೀದಿ 12-03-2025, ಐಎಂಇಐ (15 ಅಂಕಿ)

ಮಾನ್ಯರೇ,

ಮೇಲಿನ ಫೋನನ್ನು 12-03-2025ರಂದು ಕೊಂಡಿದ್ದೇನೆ. ವಾರಂಟಿ ಒಂದು ವರ್ಷ. ಮಾದರಿ ಸಂಖ್ಯೆ, ಬಿಲ್ ಸಂಖ್ಯೆ, ಅಂಗಡಿಯ ಹೆಸರು ಕೆಳಗಿವೆ, ಬಿಲ್ ಲಗತ್ತಿಸಿದ್ದೇನೆ.

04-11-2025ರಿಂದ ಚಾರ್ಜರ್ ಜೋಡಿಸಿದರೂ ಚಾರ್ಜಿಂಗ್ ಚಿಹ್ನೆ ಬರುತ್ತಿಲ್ಲ. ಇದೇ ಚಾರ್ಜರ್‌ನಿಂದ ಬೇರೆ ಫೋನ್ ಚಾರ್ಜ್ ಆಗುತ್ತದೆ. ಬೇರೆ ಚಾರ್ಜರ್‌ನಿಂದಲೂ ಈ ಫೋನ್ ಆಗುವುದಿಲ್ಲ. ಪೋರ್ಟ್‌ನಲ್ಲಿ ಕಸವಿಲ್ಲ, ಪಿನ್ ಪೂರ್ತಿ ಕೂರುತ್ತದೆ. ಕಂಪ್ಯೂಟರ್ ಫೋನನ್ನು ಗುರುತಿಸುತ್ತಿಲ್ಲ. ಆಫ್ ಮಾಡಿದಾಗಲೂ ಇದೇ ಸ್ಥಿತಿ. ಫೋನ್ ಬಿದ್ದಿಲ್ಲ, ನೀರು ತಾಗಿಲ್ಲ, ಹೊರಗೆಲ್ಲೂ ಬಿಚ್ಚಿಸಿಲ್ಲ.

ವಾರಂಟಿಯಡಿ ಪರೀಕ್ಷಿಸಿ ಉಚಿತವಾಗಿ ದುರಸ್ತಿ ಮಾಡಿಕೊಡಬೇಕೆಂದು ಕೋರುತ್ತೇನೆ. ಯಾವ ದಿನ ತರಬೇಕು, ದೂರಿನ ಸಂಖ್ಯೆ ಏನು ಎಂದು ಈ ಮೇಲ್‌ಗೇ ಉತ್ತರಿಸಿ.

ಮೇಲ್‌ನಲ್ಲಿ ಕಂಡದ್ದಷ್ಟೇ ಇದೆ, ಯಾವ ಭಾಗ ಕೆಟ್ಟಿದೆ ಎಂಬ ತೀರ್ಪಿಲ್ಲ. ಇದು ಬೇಕೆಂದೇ ಮಾಡಿದ್ದು. ‘ಪೋರ್ಟ್ ಲೂಸ್ ಆಗಿದೆ’ ಎಂದು ನಾವೇ ಬರೆದರೆ ಅದನ್ನು ಬಳಕೆದಾರರಿಂದಾದ ಹಾನಿ ಎಂದು ದಾಖಲಿಸಲು ಆಸ್ಪದ ಸಿಗುತ್ತದೆ. ‘ಬಿದ್ದಿಲ್ಲ, ನೀರು ತಾಗಿಲ್ಲ’ ಎಂಬುದನ್ನು ನಿಜವಿದ್ದರೆ ಮಾತ್ರ ಬರೆಯಬೇಕು. ಅನೇಕ ಫೋನ್‌ಗಳಲ್ಲಿ ಸಿಮ್ ಟ್ರೇ ಜಾಗದೊಳಗೆ ತೇವ ತಾಗಿದರೆ ಕೆಂಪಾಗುವ ಪುಟ್ಟ ಬಿಳಿ ಪಟ್ಟಿ ಇರುತ್ತದೆ, ಅವರು ನೋಡುವುದೇ ಅದನ್ನು. ನಾವೂ ಟ್ರೇ ತೆಗೆದು ಮೊದಲೇ ನೋಡಿಕೊಳ್ಳಬಹುದು.

ಬಿಲ್ಲಿನ ಜೊತೆಗೆ ಪೋರ್ಟ್‌ನ ಹತ್ತಿರದ ಫೋಟೊ, ಪರದೆ ಮತ್ತು ಹಿಂಬದಿಯ ಫೋಟೊ, ಚಾರ್ಜರ್ ಜೋಡಿಸಿದಾಗ ಏನೂ ಆಗದ ಚಿಕ್ಕ ವಿಡಿಯೊ ಲಗತ್ತಿಸಿದೆ. ಪರದೆ ಬಿರುಕಿಲ್ಲದೆ ಇತ್ತು ಎಂಬುದಕ್ಕೆ ತಾರೀಖಿನ ಸಮೇತ ಪುರಾವೆ ಉಳಿಯುತ್ತದೆ. ಲಾಕ್ ಪಿನ್ ಅಥವಾ ಪಾಸ್‌ವರ್ಡ್ ಮಾತ್ರ ಮೇಲ್‌ನಲ್ಲಿ ಬರೆಯಲೇಬಾರದು.

ಫೋನ್ ಒಪ್ಪಿಸುವಾಗ ಅವರು ದೂರು ದಾಖಲಿಸಿ ಕೊಡುವ ಜಾಬ್‌ಶೀಟ್‌ನಲ್ಲಿ ಐಎಂಇಐ ಸರಿಯಿದೆಯೇ, ದೂರು ಮೇಲ್‌ನಲ್ಲಿರುವಂತೆಯೇ ಇದೆಯೇ ಎಂದು ಓದಿ ಸಹಿ ಹಾಕಬೇಕು. ‘ಗ್ರಾಹಕರು ಹಣ ಕೊಡುವ ರಿಪೇರಿ’ ಎಂಬ ಕಡೆ ಗುರುತು ಬಿದ್ದಿದ್ದರೆ ಅಲ್ಲೇ ತಿದ್ದಿಸಿ. ವಾರಂಟಿ ಅನ್ವಯಿಸದು ಎಂದು ಬಾಯಲ್ಲಿ ಹೇಳಿದರೆ, ಕಾರಣವನ್ನು ಫೋಟೊ ಸಮೇತ ಅದೇ ಮೇಲ್‌ಗೆ ಉತ್ತರವಾಗಿ ಕಳಿಸಲು ಕೇಳಿ, ಅದು ಬರುವವರೆಗೆ ಹಣದ ಅಂದಾಜಿಗೆ ಒಪ್ಪಿಗೆ ಕೊಡಬೇಡಿ.