ಸಂದರ್ಶನದ ಹಿಂದಿನ ರಾತ್ರಿ ಬಿಚ್ಚಿದ ಪಾಸ್‌ಬುಕ್

ಮಂಡ್ಯ ಜಿಲ್ಲೆಯ ಒಂದು ಆರ್ಥಿಕ ಸಾಕ್ಷರತಾ ಕೇಂದ್ರಕ್ಕೆ ಗುತ್ತಿಗೆಯ ಮೇಲೆ ಸಮಾಲೋಚಕನಾಗಿ ನಾನು ಆಯ್ಕೆಯಾದದ್ದು ಮೂರನೆಯ ಸಂದರ್ಶನದಲ್ಲಿ. ನಿವೃತ್ತರಾದ ಮೇಲೆ ಇಂಥ ಹುದ್ದೆಗೆ ಅರ್ಜಿ ಹಾಕುವ ಬ್ಯಾಂಕಿನ ಗೆಳೆಯರು ಹಲವರಿದ್ದಾರೆ. ಅರ್ಜಿ ನಮೂನೆ, ವಯೋಮಿತಿ, ಸೇವಾ ಪ್ರಮಾಣಪತ್ರ ಇವೆಲ್ಲ ಅವರಿಗೆ ಗೊತ್ತಿರುವ ಸಂಗತಿಗಳು. ನಾನು ಬರೆಯಹೊರಟಿರುವುದು ಸಂದರ್ಶನದ ಹಿಂದಿನ ರಾತ್ರಿ ನನ್ನ ತಂಗಿಯ ಮಗ ನನ್ನನ್ನು ತಯಾರು ಮಾಡಿದ ರೀತಿಯನ್ನು. ಆ ರೀತಿ ನಡೆಯುವುದಿಲ್ಲ ಎಂದು ನನಗೆ ಹೇಳದ ಹಳೆಯ ಸಹೋದ್ಯೋಗಿಯೇ ಇರಲಿಲ್ಲ.

ಮೊದಲ ಎರಡು ಸೋಲುಗಳಿಗೆ ನಾನು ತೆತ್ತ ಹಣವನ್ನೂ ಹೇಳಿಬಿಡುತ್ತೇನೆ. ಹೊಸ ಸೂಟಿಗೆ ಸುಮಾರು 6,500 ರೂಪಾಯಿ, ಅಣಕು ಸಂದರ್ಶನ ನಡೆಸಿಕೊಡುವವರಿಗೆ 4,000, ಬೇರೆ ಜಿಲ್ಲೆಗೆ ಹೋಗಿಬರಲು ಟ್ಯಾಕ್ಸಿಗೆ 2,800, ಹೀಗೆ ಹದಿಮೂರು ಸಾವಿರದ ಮೇಲಾಯಿತು. ಅಣಕು ಸಂದರ್ಶನ ನಡೆಸಿದವರು ರಿಸರ್ವ್ ಬ್ಯಾಂಕಿನ ಸುತ್ತೋಲೆಗಳನ್ನು ದಿನಾಂಕದೊಂದಿಗೆ ಬಾಯಿಪಾಠ ಮಾಡಿಸಿದರು. ಎರಡೂ ಕಡೆ ನಾನು ಪ್ರತಿಯೊಂದು ಪ್ರಶ್ನೆಗೂ ಪೂರ್ಣವಾಗಿ, ಸರಿಯಾಗಿ ಉತ್ತರಿಸಿದೆ. ಎರಡೂ ಕಡೆ ಆಯ್ಕೆಯಾಗಲಿಲ್ಲ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕಳೆದವನಿಗೆ ಅದು ಸಣ್ಣ ಪೆಟ್ಟಲ್ಲ.

ನನ್ನ ಸೋದರಳಿಯ ಮಳವಳ್ಳಿ ತಾಲ್ಲೂಕಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಕ್ಷೇತ್ರ ಕಾರ್ಯಕರ್ತ. ವಾರಕ್ಕೆ ಐದು ದಿನ ಸಂಘದ ಸಭೆಗಳಲ್ಲಿ ಕುಳಿತು ಬರುವವನು. ಅಂದು ಸಂಜೆ ಮೈಸೂರಿನ ನಮ್ಮ ಮನೆಗೆ ಬಂದವನು ಊಟವಾದ ಮೇಲೆ ನನ್ನ ಟಿಪ್ಪಣಿ ಪುಸ್ತಕವನ್ನು ಮುಚ್ಚಿಟ್ಟು, ಒಂದು ಹಳೆಯ ಪಾಸ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟ. ಅದರ ಪುಟಗಳ ಮೇಲೆ ಕಾಗದ ಅಂಟಿಸಿ, ತಾನೇ ಲೆಕ್ಕಗಳನ್ನು ಬರೆದು ತಂದಿದ್ದ.

“ಮಾವ, ಈಗ ನಾನು ಮದ್ದೂರಿನ ಕಡೆಯ ಒಬ್ಬ ಹೆಂಗಸು. ನನ್ನ ಗಂಡ 2025ರ ಫೆಬ್ರವರಿ 3ರಂದು ಎದೆನೋವು ಬಂದು ತೀರಿಕೊಂಡರು. ಅವರಿಗೆ 47 ವರ್ಷ. ಬ್ಯಾಂಕಿನಿಂದ ದುಡ್ಡು ಬರುತ್ತದೆ ಎಂದು ಯಾರೋ ಹೇಳಿದರು. ಬರುತ್ತದಾ ಸ್ವಾಮಿ?”

ನಾನು ಪಾಸ್‌ಬುಕ್ ತಿರುವಿದೆ. ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಕಡಿತವಾಗಿತ್ತು. “ಬರುತ್ತದೆ ತಾಯಿ. ಇದು ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆ. ವರ್ಷಕ್ಕೆ 436 ರೂಪಾಯಿ ಪ್ರೀಮಿಯಂ, 18ರಿಂದ 50 ವರ್ಷದೊಳಗೆ ಸೇರಬಹುದು, 55ರವರೆಗೆ ರಕ್ಷಣೆ ಇರುತ್ತದೆ, ಯಾವ ಕಾರಣದಿಂದ ಸಾವಾದರೂ ನಾಮಿನಿಗೆ ಎರಡು ಲಕ್ಷ ಸಿಗುತ್ತದೆ” ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

“ಮಾವ, ನೀವು ಹೇಳಿದ ನಿಯಮದಲ್ಲಿ ಒಂದೂ ತಪ್ಪಿಲ್ಲ. ಆದರೆ ಆ ಹೆಂಗಸಿಗೆ ನೀವು ಸುಳ್ಳು ಹೇಳಿದಿರಿ. ಆ ಕಡಿತದ ಮುಂದಿರುವ ವರ್ಷ ನೋಡಿ.”

2023 ಎಂದಿತ್ತು. ಪಾಸ್‌ಬುಕ್ಕಿನಲ್ಲಿ ಕೊನೆಯ ಬಾರಿ ಲೆಕ್ಕ ಅಚ್ಚಾದದ್ದೂ ಅದೇ ವರ್ಷದ ನವೆಂಬರಿನಲ್ಲಿ. ಈ ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ. 2025ರ ಫೆಬ್ರವರಿಯ ಸಾವಿಗೆ ರಕ್ಷಣೆ ಇರಬೇಕಾದರೆ 2024ರ ಮೇ ಕೊನೆಯಲ್ಲಿ ಕಡಿತ ಆಗಿರಬೇಕು. ಅವನು ಇನ್ನೊಂದು ಕಾಗದ ತೆಗೆದು, “ಇದು ಶಾಖೆಯಲ್ಲಿ ಅಚ್ಚು ಹಾಕಿಸಿದ ಮುಂದಿನ ಪುಟ” ಎಂದ. ಆ ಮೇ ತಿಂಗಳಲ್ಲಿ ಖಾತೆಯಲ್ಲಿದ್ದ ಬಾಕಿ 211 ರೂಪಾಯಿ. ಕಡಿತ ಆಗಿರಲಿಲ್ಲ. ವಿಮೆ ಅಲ್ಲಿಗೇ ನಿಂತುಹೋಗಿತ್ತು.

“ಹಾಗಾದರೆ ಏನೂ ಬರುವುದಿಲ್ಲ ಎಂದು ಹೇಳಿ ಕಳಿಸಬೇಕು, ಅಷ್ಟೇ ತಾನೇ?”

“ಅದೂ ತಪ್ಪು. ಬಾಕಿ 211ಕ್ಕೆ ಯಾಕೆ ಇಳಿಯಿತು ಎಂದು ನನ್ನನ್ನು ಕೇಳಿ.”

ಕೇಳಿದೆ. ಆ ಪಾತ್ರದಲ್ಲಿಯೇ ಅವನು ಉತ್ತರಿಸಿದ: “ಡೇರಿಗೆ ಹಾಲು ಹಾಕುತ್ತಿದ್ದೆವು ಸ್ವಾಮಿ. ಹಾಲಿನ ದುಡ್ಡು ಈಗ ಬೇರೆ ಬ್ಯಾಂಕಿಗೆ ಬರುತ್ತದೆ.” ಆಮೇಲೆ ಎರಡನೆಯ ಪಾಸ್‌ಬುಕ್ಕನ್ನು ಮುಂದಿಟ್ಟ. ನಾನು ಮೊದಲ ಪುಟದಿಂದ ಕೊನೆಯವರೆಗೆ ಬೆರಳಿಟ್ಟು ನೋಡಿದೆ. ಎಲ್ಲಿಯೂ 436 ಇರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ. ಅವನು ಏನೂ ಮಾತನಾಡದೆ 2024ರ ಡಿಸೆಂಬರ್ 12ರ ಸಾಲಿನ ಮೇಲೆ ಬೆರಳಿಟ್ಟ. 228 ರೂಪಾಯಿ ಕಡಿತ.

ನನಗೆ ಗೊತ್ತಿರದ ವಿಷಯ ಅದಲ್ಲ. ವರ್ಷದ ನಡುವೆ ಸೇರಿದವರಿಗೆ ಪ್ರೀಮಿಯಂ ಕಡಿಮೆ. ಜೂನ್‌ನಿಂದ ಆಗಸ್ಟ್‌ವರೆಗೆ ಸೇರಿದರೆ ಪೂರ್ತಿ 436, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ 342, ಡಿಸೆಂಬರ್‌ನಿಂದ ಫೆಬ್ರವರಿವರೆಗೆ 228, ಆಮೇಲೆ 114. ಈ ಕೋಷ್ಟಕ ನನ್ನ ಟಿಪ್ಪಣಿ ಪುಸ್ತಕದಲ್ಲಿಯೇ ಇತ್ತು. ಆದರೂ ಕಣ್ಣು 436ನ್ನು ಮಾತ್ರ ಹುಡುಕಿತ್ತು. ಸಂದರ್ಶನದಲ್ಲಿ ನಾನು ಸೋಲುತ್ತಿದ್ದದ್ದು ಎಲ್ಲಿ ಎಂಬುದು ಆ ಕ್ಷಣಕ್ಕೆ ನನಗೆ ಹೊಳೆಯಿತು. ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ನಿಯಮ ಬಾಯಿಗೆ ಬರುತ್ತಿತ್ತು. ಎದುರಿಗಿರುವ ಕಾಗದ ಮಾತ್ರ ಕಣ್ಣಿಗೆ ಕಾಣುತ್ತಿರಲಿಲ್ಲ.

“ಈಗ ಹೇಳಿ ಮಾವ, ದುಡ್ಡು ಬರುತ್ತದಾ?”

“ಡಿಸೆಂಬರ್ 12ಕ್ಕೆ ಸೇರಿದ್ದು. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ, ಅಪಘಾತದ ಸಾವನ್ನು ಬಿಟ್ಟರೆ, ಕ್ಲೈಮ್ ಇಲ್ಲ. ಫೆಬ್ರವರಿ 3ರ ಹೊತ್ತಿಗೆ ಆ 30 ದಿನ ದಾಟಿದೆ. ಆದ್ದರಿಂದ ಅರ್ಜಿ ಹಾಕಬಹುದು.”

“ಎಲ್ಲಿ ಹಾಕಬೇಕು?”

“ವಿಮಾ ಕಂಪನಿಗೆ ಹೋಗಬೇಕಾಗಿಲ್ಲ. 228 ಕಡಿತವಾದ ಖಾತೆ ಯಾವ ಶಾಖೆಯದೋ ಅಲ್ಲಿಗೆ ನಾಮಿನಿ ಹೋಗಬೇಕು. ಕ್ಲೈಮ್ ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಆಧಾರ್, ನಾಮಿನಿಯ ಸ್ವಂತ ಪಾಸ್‌ಬುಕ್ಕಿನ ಪ್ರತಿ.”

“ಇದನ್ನೇ ಮೊದಲು ಹೇಳಿ. ಯೋಜನೆಯ ಹೆಸರನ್ನು ಕೊನೆಗೆ ಹೇಳಿ, ಕೇಳಿದರೆ ಮಾತ್ರ.”

ಅಲ್ಲಿಂದ ರಾತ್ರಿ ಹನ್ನೆರಡರವರೆಗೆ ಇದೇ ನಡೆಯಿತು. ಅವನು ಹಾಕಿದ ಕಟ್ಟುಪಾಡು ಒಂದೇ. ಮೊದಲ ಮೂರು ಮಾತು ನನ್ನ ಕಡೆಯಿಂದ ಪ್ರಶ್ನೆಯೇ ಆಗಿರಬೇಕು, ಆ ಹೆಂಗಸು ಉತ್ತರಿಸಬಲ್ಲ ಪ್ರಶ್ನೆಯಾಗಿರಬೇಕು. ಸಾವು ಯಾವ ದಿನ, ಹೇಗೆ? ಪಾಸ್‌ಬುಕ್ಕಿಗೆ ಕೊನೆಯ ಬಾರಿ ಅಚ್ಚು ಹಾಕಿಸಿದ್ದು ಯಾವಾಗ? ಅವರಿಗೆ ಇನ್ನಾವ ಬ್ಯಾಂಕಿನಲ್ಲಿ ಹಣ ಬರುತ್ತಿತ್ತು? ಈ ಮೂರನ್ನೂ ಕೇಳುವ ಮೊದಲು “ಬರುತ್ತದೆ” ಎಂದಾಗಲಿ “ಬರುವುದಿಲ್ಲ” ಎಂದಾಗಲಿ ನಾನು ಹೇಳುವಂತಿಲ್ಲ. ನಾಲ್ಕನೆಯದಾಗಿ ಅವನು ಕೇಳಿಸಿದ ಒಂದು ಪ್ರಶ್ನೆಯುಂಟು. ಅದು ಅವನು ಐದು ವರ್ಷ ಸಂಘಗಳಲ್ಲಿ ತಿರುಗಿ ಗಳಿಸಿದ್ದು. ಅವನ ಒಪ್ಪಿಗೆಯಿಲ್ಲದೆ ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಸಾವಿನ ಬಗೆಯನ್ನು ಅವನು ಮೂರು ಸಲ ಬದಲಾಯಿಸಿದ. ಬೈಕಿನಿಂದ ಬಿದ್ದು ಸತ್ತಿದ್ದರೆ 20 ರೂಪಾಯಿಯ ಕಡಿತವನ್ನೂ ಹುಡುಕಬೇಕು, ಏಕೆಂದರೆ ಸುರಕ್ಷಾ ಬಿಮಾ ಯೋಜನೆಯ ಎರಡು ಲಕ್ಷ ಬೇರೆ. ಜನಧನ್ ಖಾತೆಯ ರುಪೇ ಕಾರ್ಡ್ ಇದ್ದರೆ ಅದನ್ನು ಕೊನೆಗೆ ಬಳಸಿದ ದಿನ ಕೇಳಬೇಕು, ಏಕೆಂದರೆ ಆ ಕಾರ್ಡಿನ ಅಪಘಾತ ವಿಮೆಗೆ ಅಪಘಾತದ ಹಿಂದಿನ 90 ದಿನಗಳೊಳಗೆ ಕಾರ್ಡ್ ಬಳಕೆಯಾಗಿರಬೇಕು. ಪೊಲೀಸ್ ದೂರಿನ ಪ್ರತಿ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಜೋಪಾನವಾಗಿದೆಯೇ ಎಂದು ಅಂದೇ ಕೇಳಬೇಕು. ನೋವಿನಲ್ಲಿರುವ ಮನೆಯಲ್ಲಿ ಆ ಕಾಗದಗಳೇ ಮೊದಲು ಕಳೆದುಹೋಗುವುದು.

ನಡುವೆ ನಾನೊಂದು ಬೇರೆ ಪ್ರಯೋಗಕ್ಕೆ ಕೈಹಾಕಿದೆ. ಬೆಳೆಸಾಲದ ಬಡ್ಡಿಯನ್ನೂ ಹೀಗೆಯೇ ವಿವರಿಸಬಹುದೇ ಎಂದು ಬೆಂಕಿಕಡ್ಡಿಗಳನ್ನು ಜೋಡಿಸಿದೆ. ಒಂದು ಲಕ್ಷಕ್ಕೆ ಶೇಕಡ 7ರಂತೆ ವರ್ಷಕ್ಕೆ ಏಳು ಕಡ್ಡಿ, ಗಡುವಿನೊಳಗೆ ಕಟ್ಟಿದರೆ ಮೂರು ಕಡ್ಡಿ ವಾಪಸ್, ಉಳಿದದ್ದು ನಾಲ್ಕು. ಒಂದು ಕಡ್ಡಿ ಎಂದರೆ ಸಾವಿರ ರೂಪಾಯಿ. ಚೆನ್ನಾಗಿಯೇ ಬಂತು. ಆದರೆ ಅಳಿಯ, “ಸೊಸೈಟಿಯಲ್ಲಿ ಬಡ್ಡಿಯೇ ಇಲ್ಲದೆ ಕೊಡುತ್ತಾರಲ್ಲ, ನಿಮ್ಮ ಹತ್ತಿರ ನಾಲ್ಕು ಕಡ್ಡಿ ಯಾಕೆ?” ಎಂದು ಮಂಡ್ಯದ ರೈತ ಕೇಳುವುದನ್ನೇ ಕೇಳಿದ. ಬಡ್ಡಿರಹಿತ ಸಾಲಕ್ಕೆ ರಾಜ್ಯ ಸರ್ಕಾರ ಸಹಕಾರ ಸಂಘಗಳ ಮೂಲಕ ಬಡ್ಡಿ ತುಂಬಿಕೊಡುತ್ತದೆ, ವಾಣಿಜ್ಯ ಬ್ಯಾಂಕಿನ ಸಾಲಕ್ಕೆ ಅದು ಅನ್ವಯಿಸುವುದಿಲ್ಲ ಎಂದು ವಿವರಿಸುವಷ್ಟರಲ್ಲಿ ಕಡ್ಡಿಗಳ ಲೆಕ್ಕ ಅವನಿಗೂ ನನಗೂ ಮರೆತುಹೋಗಿತ್ತು. ಒಂದೇ ರಾತ್ರಿ ಎರಡು ವಿಷಯ ಬೇಡವೆಂದು ಅದನ್ನು ಬಿಟ್ಟೆವು.

ಹನ್ನೊಂದು ಗಂಟೆಯ ಹೊತ್ತಿಗೆ ಹಳೆಯ ಸಹೋದ್ಯೋಗಿಯೊಬ್ಬರು ಶುಭ ಹಾರೈಸಲು ಫೋನ್ ಮಾಡಿದರು. ನಾವು ಮಾಡುತ್ತಿದ್ದದ್ದನ್ನು ಕೇಳಿ, “ಸಮಿತಿಯವರು ಪ್ರಶ್ನೆ ಕೇಳುವುದು ನಿಮ್ಮಿಂದ ಉತ್ತರ ಪಡೆಯಲು. ನೀವು ಅವರಿಗೇ ಮರುಪ್ರಶ್ನೆ ಹಾಕಿದರೆ ಉತ್ತರ ಗೊತ್ತಿಲ್ಲವೆಂದು ಬರೆದುಕೊಳ್ಳುತ್ತಾರೆ” ಎಂದರು. ನನ್ನ ಧೈರ್ಯ ಅರ್ಧಕ್ಕಿಳಿಯಿತು. ಅಳಿಯನನ್ನು ಕೇಳಿದೆ.

“ಮಾವ, ನೀವು ಮ್ಯಾನೇಜರ್ ಆಗಿದ್ದಾಗ ಹೀಗೆ ಪಾಸ್‌ಬುಕ್ ಹಿಡಿದು ಬಂದವರನ್ನು ವಾಪಸ್ ಕಳಿಸಿದ್ದುಂಟಾ?”

ಉಂಟು. ಒಬ್ಬ ಮುದುಕಿ ಸತ್ತ ಮಗನ ಪಾಸ್‌ಬುಕ್ ತಂದಿದ್ದಳು. ವರ್ಷಾಂತ್ಯದ ಕೆಲಸದ ನಡುವೆ ನಾನು ಕೊನೆಯ ಪುಟ ನೋಡಿ ಇಲ್ಲವೆಂದೆ. ಅವನಿಗೆ ಬೇರೆ ಖಾತೆ ಇತ್ತೇ ಎಂದು ಕೇಳಲಿಲ್ಲ. ಆ ಮುಖ ಇಂದಿಗೂ ಮರೆತಿಲ್ಲ. ಅದನ್ನು ಹೇಳಿದೆ. ಅವನು, “ಹಾಗಾದರೆ ನಾಳೆ ಸಮಿತಿಯವರನ್ನು ಆ ಅಜ್ಜಿ ಎಂದುಕೊಂಡು ಕೇಳಿ” ಎಂದಷ್ಟೇ ಹೇಳಿ ಮಲಗಲು ಎದ್ದ.

ಬೆಳಿಗ್ಗೆ ಸೂಟು ಬಿಟ್ಟು ಬಿಳಿಯ ಅಂಗಿ ತೊಟ್ಟು ರೈಲಿನಲ್ಲಿ ಮಂಡ್ಯಕ್ಕೆ ಹೋದೆ. ಖರ್ಚು ನೂರು ರೂಪಾಯಿಯನ್ನೂ ದಾಟಲಿಲ್ಲ. ಸಮಿತಿಯಲ್ಲಿ ಮೂವರಿದ್ದರು. ಎರಡು ಸಾಮಾನ್ಯ ಪ್ರಶ್ನೆಗಳಾದ ಮೇಲೆ ನಡುವೆ ಕುಳಿತಿದ್ದವರು, “ಶಿಬಿರಕ್ಕೆ ಒಬ್ಬ ಮಹಿಳೆ ಬಂದು, ಗಂಡ ತೀರಿಕೊಂಡಿದ್ದಾರೆ, ವಿಮೆ ಸಿಗುತ್ತದೆಯೇ ಎಂದು ಕೇಳುತ್ತಾರೆ. ಏನು ಹೇಳುತ್ತೀರಿ?” ಎಂದರು. ನಾನು, “ತೀರಿಕೊಂಡದ್ದು ಯಾವ ದಿನ, ಹೇಗೆ ಎಂದು ಮೊದಲು ಕೇಳುತ್ತೇನೆ ಸರ್” ಎಂದು ಶುರುಮಾಡಿ ಮೂರು ಪ್ರಶ್ನೆಗಳನ್ನೂ ಇಟ್ಟೆ. ಅವರು ಒಂದೊಂದಕ್ಕೂ ಉತ್ತರ ಕಟ್ಟಿ ಹೇಳುತ್ತಾ ಹೋದರು. ಕೊನೆಗೆ, “ಎರಡು ಬ್ಯಾಂಕಿನಲ್ಲಿಯೂ ಈ ವರ್ಷ ಕಡಿತವಾಗಿದೆ ಎಂದಿಟ್ಟುಕೊಳ್ಳಿ. ನಾಲ್ಕು ಲಕ್ಷ ಬರುತ್ತದೆಯೇ?” ಎಂದು ಗಾಳ ಹಾಕಿದರು.

“ಇಲ್ಲ ಸರ್. ಒಬ್ಬರಿಗೆ ಒಂದೇ ಖಾತೆಯ ಮೂಲಕ ರಕ್ಷಣೆ, ಎರಡೇ ಲಕ್ಷ. ಎರಡನೆಯ ಕಡಿತದ ಹಣ ವಾಪಸ್ ಬರುತ್ತದೆ ಎಂದೂ ನಾನು ಆಕೆಗೆ ಭರವಸೆ ಕೊಡುವುದಿಲ್ಲ. ಕಾಗದಗಳು ಸರಿಯಿರುವ ಒಂದು ಶಾಖೆಯಲ್ಲಿ ಅರ್ಜಿ ಹಾಕಿಸುತ್ತೇನೆ, ಸಾಧ್ಯವಾದರೆ ಜೊತೆಗೆ ಹೋಗುತ್ತೇನೆ.”

ಇಡೀ ಮಾತುಕತೆ ಹತ್ತು ನಿಮಿಷವಿರಬಹುದು. ಹನ್ನೆರಡು ದಿನಕ್ಕೆ ಪತ್ರ ಬಂತು. ತಿಂಗಳಿಗೆ ಸುಮಾರು 25,000 ರೂಪಾಯಿ, ಒಂದು ವರ್ಷದ ಗುತ್ತಿಗೆ. ಫೋನ್ ಮಾಡಿದ ಸಹೋದ್ಯೋಗಿ ಈಗ ತಮ್ಮ ಸಂದರ್ಶನಕ್ಕೆ ಅಳಿಯನನ್ನು ಒಂದು ರಾತ್ರಿ ಕಳಿಸಿಕೊಡಿ ಎನ್ನುತ್ತಿದ್ದಾರೆ. ಕೆಲಸಕ್ಕೆ ಸೇರಿದ ಮೂರನೆಯ ವಾರ ಪಾಂಡವಪುರ ಕಡೆಯ ಶಿಬಿರವೊಂದರಲ್ಲಿ ಒಬ್ಬಾಕೆ ಪಾಸ್‌ಬುಕ್ ಹಿಡಿದು ಬಂದಳು. ಅದರಲ್ಲಿ 436 ಇರಲಿಲ್ಲ. ಹಾಲಿನ ದುಡ್ಡು ಎಲ್ಲಿಗೆ ಬರುತ್ತದೆ ಎಂದು ಕೇಳಿದೆ. ಆಕೆ ಮನೆಗೆ ಹೋಗಿ ಇನ್ನೊಂದು ಪಾಸ್‌ಬುಕ್ ತಂದಳು. ಅದರಲ್ಲಿ ಅಕ್ಟೋಬರ್ ತಿಂಗಳ ಸಾಲಿನಲ್ಲಿ 342 ಇತ್ತು.