ಒಂದೇ ದರದ ಮೀನಿನ ಸಾಲು ಹಿಂದುಮುಂದಾಗುತ್ತಿತ್ತು: ನನ್ನ ಅನುಭವ

ಮಲ್ಪೆ ಬಂದರಿನ ಮೀನಿನ ಪಟ್ಟಿಯನ್ನು ದರದ ಪ್ರಕಾರ ಜೋಡಿಸಬೇಕಿತ್ತು. ಒಂದೇ ದರ ಇದ್ದರೆ ಮೊದಲು ಬಂದ ಬೋಟು ಮೊದಲು. ಮೂರೇ ಸಾಲು ಹಾಕಿ ನೋಡಿದೆ: 1ನೇ ಬೋಟಿನ ಬಂಗುಡೆ 200, 2ನೇ ಬೋಟಿನದ್ದೂ 200, 3ನೇ ಬೋಟಿನ ಬೂತಾಯಿ 150. ಬಂದ ಉತ್ತರ 3, 2, 1. ಬೇಕಿದ್ದದ್ದು 3, 1, 2.

ನಾನು ಬಳಸಿದ್ದು ಕೊನೆಯ ಅಂಶವನ್ನೇ ಪಿವಟ್ ಮಾಡುವ ಕ್ವಿಕ್‌ಸಾರ್ಟ್. 150 ಮುಂದಕ್ಕೆ ಹಾರುವಾಗ 1ನೇ ಬೋಟು ಕೊನೆಗೆ ಹೋಗಿತ್ತು. ಪಿವಟನ್ನು ಯಾದೃಚ್ಛಿಕವಾಗಿ ಆರಿಸಿದೆ. ಅದರಿಂದ `O(n²)` ಆಗುವ ಸಾಧ್ಯತೆ ಕಡಿಮೆಯಾಗುತ್ತದೆ ಅಷ್ಟೇ, ಕ್ರಮ ಉಳಿಯುವುದಿಲ್ಲ. ಹೀಪ್‌ಸಾರ್ಟ್‌ಗೆ ಜಾಸ್ತಿ ಜಾಗ ಬೇಡ, ಕೆಟ್ಟ ಸಂದರ್ಭದಲ್ಲೂ `O(n log n)`. ಆದರೆ ಮೊದಲ ಅದಲುಬದಲಿನಲ್ಲೇ 1ನೇ ಬೋಟು ಕೊನೆಗೆ ಹೋಯಿತು. ಮತ್ತೆ 3, 2, 1.

ಮರ್ಜ್‌ಸಾರ್ಟ್‌ಗೆ ಬದಲಾಯಿಸಿದರೂ ಅದೇ ಉತ್ತರ! ತಪ್ಪು ಇದ್ದದ್ದು ಎರಡು ಭಾಗ ಸೇರಿಸುವ ಸಾಲಿನಲ್ಲಿ. ನಾನು `<` ಬರೆದಿದ್ದೆ. ದರ ಸಮ ಇದ್ದಾಗ ಬಲಭಾಗದ್ದು ಮೊದಲು ಹೋಗುತ್ತಿತ್ತು. ಸರಿಯಾದದ್ದು ಇದು:

```
if (L[i].rate <= R[j].rate) a[k++] = L[i++];
else a[k++] = R[j++];
```

ಸಮ ಇದ್ದರೆ ಎಡಭಾಗದ್ದೇ ಮೊದಲು. ಈಗ 3, 1, 2 ಬರುತ್ತದೆ. ಇದಕ್ಕೆ `n` ಅಂಶಗಳಷ್ಟು ಹೆಚ್ಚುವರಿ ಜಾಗ ಬೇಕು. ಅಷ್ಟು ಜಾಗ ಇಲ್ಲದಿದ್ದರೆ ಹೀಪ್‌ಸಾರ್ಟನ್ನೇ ಇಟ್ಟುಕೊಂಡು, ದರ ಸಮ ಇದ್ದಾಗ ಬೋಟು ಬಂದ ಸಂಖ್ಯೆಯನ್ನೂ ಹೋಲಿಸಿ.