ಆರು ಕಂಬಗಳ ಒಂದು ಚಾರ್ಟನ್ನು ನಾನು ತಿದ್ದಿದ ಬಗೆ

ತಿಂಗಳ ಪರಿಶೀಲನಾ ಸಭೆಗೆ ಚಾರ್ಟ್ ಮಾಡಿಕೊಡುವ ಕೆಲಸ ನನ್ನದು. ಗ್ರಾಹಕರ ದೂರುಗಳಲ್ಲಿ ಶೇಕಡಾ ಎಷ್ಟು 24 ಗಂಟೆಯೊಳಗೆ ಇತ್ಯರ್ಥವಾದವು ಎಂದು ತೋರಿಸುವ ಪುಟದ ಮೇಲೇ ಹೆಚ್ಚು ಮಾತು ನಡೆಯುತ್ತದೆ. ವಿಭಾಗಗಳು ಆರು. ಒಂದು ತಿಂಗಳ ಅಂಕಿ ಹೀಗಿತ್ತು: ಬಿಲ್ಲಿಂಗ್ 91, ವಿತರಣೆ 88, ದುರಸ್ತಿ 87, ಖಾತೆ 93, ಮರುಪಾವತಿ 89, ಇತರೆ 94. ಎಕ್ಸೆಲ್‌ನಲ್ಲಿ ಇವನ್ನು ಆಯ್ದು ಕಾಲಮ್ ಚಾರ್ಟ್ ಹಾಕಿದರೆ ಮೊದಲ ನೋಟಕ್ಕೇ ದುರಸ್ತಿ ವಿಭಾಗ ಪಾತಾಳದಲ್ಲಿರುವಂತೆ ಕಾಣುತ್ತಿತ್ತು. ‘ಇತರೆ’ಯ ಕಂಬ ಅದರ ಸುಮಾರು ಎರಡೂವರೆ ಪಟ್ಟು ಎತ್ತರ. ಅಂಕಿಯಲ್ಲಿರುವ ವ್ಯತ್ಯಾಸವಾದರೋ ಬರೀ ಏಳು.

ಹೀಗಾಗುವುದಕ್ಕೆ ಕಾರಣ ಎಡಗಡೆಯ ಅಕ್ಷ. ಅದು ಸೊನ್ನೆಯಿಂದಲ್ಲ, 82%ರಿಂದ ಶುರುವಾಗಿತ್ತು. 82ರಿಂದ ಅಳೆದರೆ ದುರಸ್ತಿಯ ಎತ್ತರ 5, ಇತರೆಯದು 12. ಕಂಬದ ಚಾರ್ಟ್ ನೋಡುವವರು ಅಕ್ಷದ ಸಂಖ್ಯೆಗಳನ್ನು ಓದುವ ಮೊದಲೇ ಕಂಬಗಳ ಉದ್ದವನ್ನು ಒಂದಕ್ಕೊಂದು ಹೋಲಿಸಿಬಿಡುತ್ತಾರೆ, ಹಾಗಾಗಿ ಬುಡ ಕತ್ತರಿಸಿದ ಕಂಬ ತಪ್ಪು ಅನುಪಾತವನ್ನೇ ಹೇಳುತ್ತದೆ.

ಎಕ್ಸೆಲ್ ಇದನ್ನು ಮನಸ್ಸಿಗೆ ಬಂದಂತೆ ಮಾಡುವುದಿಲ್ಲ, ಅದಕ್ಕೊಂದು ಲೆಕ್ಕವಿದೆ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಮೌಲ್ಯಗಳ ಅಂತರವು ಹೆಚ್ಚಿನ ಮೌಲ್ಯದ ಆರನೇ ಒಂದು ಭಾಗಕ್ಕಿಂತ, ಅಂದರೆ ಸುಮಾರು 16.7%ಕ್ಕಿಂತ ಜಾಸ್ತಿ ಇದ್ದರೆ ಅಕ್ಷ ಸೊನ್ನೆಯಿಂದ ಹೊರಡುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಸೊನ್ನೆಗಿಂತ ಮೇಲಿನ ಒಂದು ಸಂಖ್ಯೆಯಿಂದ ಹೊರಡುತ್ತದೆ. ನಮ್ಮ ಅಂತರ 7. ಅದು 94ರ ಏಳೂವರೆ ಶೇಕಡಾದಷ್ಟೂ ಇಲ್ಲ, ಹಾಗಾಗಿ ಬುಡ ಹೋಯಿತು. ಇದರಲ್ಲಿ ಇನ್ನೂ ಒಂದು ಫಜೀತಿಯಿದೆ. ಮುಂದಿನ ತಿಂಗಳು ದುರಸ್ತಿ 75ಕ್ಕೆ ಇಳಿಯಿತು ಎನ್ನಿ. ಆಗ ಅಂತರ 19, ಅಂದರೆ 94ರ 20%. ಅಕ್ಷ ತಾನಾಗಿಯೇ ಸೊನ್ನೆಗೆ ಇಳಿಯುತ್ತದೆ. ವಿಭಾಗ ನಿಜಕ್ಕೂ ಕೆಟ್ಟ ತಿಂಗಳು ಅದರ ಕಂಬ ಹೋದ ತಿಂಗಳಿಗಿಂತ ಚೆನ್ನಾಗಿ ಕಾಣುತ್ತದೆ! ತಿಂಗಳಿಂದ ತಿಂಗಳಿಗೆ ಒಂದೇ ಫೈಲ್ ಬಳಸುವವರು ಅಕ್ಷವನ್ನು ಆಟೋಗೆ ಬಿಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಕೈಯಿಂದ ನಿಗದಿ ಮಾಡುವುದು ಸುಲಭ. ಅಕ್ಷದ ಯಾವುದಾದರೂ ಸಂಖ್ಯೆಯ ಮೇಲೆ ಒತ್ತಿ `Ctrl+1` ಹೊಡೆದರೆ ಬಲಗಡೆ Format Axis ತೆರೆಯುತ್ತದೆ. Axis Options ಒಳಗೆ Bounds ಅಡಿಯಲ್ಲಿ Minimum ಮತ್ತು Maximum, Units ಅಡಿಯಲ್ಲಿ Major ಇರುತ್ತವೆ. ಪಕ್ಕದಲ್ಲಿ Auto ಎಂದಿದ್ದರೆ ಆ ಮೌಲ್ಯ ಎಕ್ಸೆಲ್‌ನ ಕೈಯಲ್ಲಿದೆ ಎಂದರ್ಥ. ನೀವು ಒಂದು ಸಂಖ್ಯೆ ಬರೆದು Enter ಒತ್ತಿದರೆ ಆ ಜಾಗದಲ್ಲಿ Reset ಬರುತ್ತದೆ, ಅಂದರೆ ಇನ್ನು ಅದು ಕದಲುವುದಿಲ್ಲ. ಈಗಾಗಲೇ ಸೊನ್ನೆ ಎಂದು ತೋರಿಸುತ್ತಿದ್ದರೂ ಪಕ್ಕದಲ್ಲಿ Auto ಇದ್ದರೆ ನಾನು ಮತ್ತೊಮ್ಮೆ 0 ಟೈಪ್ ಮಾಡುತ್ತೇನೆ. ಶೇಕಡಾವಾರು ಅಂಕಿಗಳು ಹಾಳೆಯಲ್ಲಿ 0.87, 0.94 ಎಂದು ಕೂತಿರುತ್ತವೆ, ಆದ್ದರಿಂದ 100% ಬೇಕೆಂದರೆ Maximum ಜಾಗದಲ್ಲಿ `1` ಎಂದು ಬರೆಯಬೇಕು. ಮೇಲಿನ ಮಿತಿಯನ್ನೂ ಬರೆಯಲು ಕಾರಣವಿದೆ: ಯಾವುದೋ ವಿಭಾಗ 98 ತಲುಪಿದರೆ ಸೊನ್ನೆಯಿಂದ ಹೊರಟ ಆಟೋ ಅಕ್ಷ 120%ವರೆಗೆ ಹೋಗಿ ನಿಲ್ಲುತ್ತದೆ. ಶೇಕಡಾ ನೂರಕ್ಕಿಂತ ಹೆಚ್ಚು ದೂರು ಇತ್ಯರ್ಥ ಮಾಡುವವರು ಯಾರು?

ಸೊನ್ನೆಯಿಂದ ನೂರಕ್ಕೆ ಕಟ್ಟಿದ ಮೇಲೆ ಚಾರ್ಟ್ ಪ್ರಾಮಾಣಿಕವಾಯಿತು, ಆದರೆ ಏನೂ ಹೇಳದಂತಾಯಿತು. ಆರೂ ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರ. ಸಭೆಯಲ್ಲಿ ನಮ್ಮ ಮೇಲಧಿಕಾರಿಗಳು ನೋಡಿ, “ಎಲ್ಲಾ ಒಂದೇ ಇದೆಯಲ್ರೀ, ಇದರಲ್ಲಿ ನಾನು ನೋಡಬೇಕಾಗಿರೋದೇನು?” ಎಂದರು. ನ್ಯಾಯವಾದ ಪ್ರಶ್ನೆಯೇ. ಇಂಥ ಕಡೆ ಬುಡವನ್ನು ಮತ್ತೆ ಕತ್ತರಿಸುವ ಆಸೆ ಆಗುತ್ತದೆ. ನಾನು ಮಾಡಿದ್ದು ಅಳೆಯುವ ವಿಷಯವನ್ನೇ ತಿರುಗಿಸಿದ್ದು. ಸಭೆ ಕರೆಯುವುದೇ ಮುಗಿಯದ ದೂರುಗಳ ಬಗ್ಗೆ ಮಾತಾಡಲು. ಹಾಗಿದ್ದ ಮೇಲೆ ಮುಗಿಯದವನ್ನೇ ತೋರಿಸೋಣ ಎಂದು C ಕಾಲಮ್‌ನಲ್ಲಿ `=1-B2` ಹಾಕಿ ಕೆಳಗೆ ಎಳೆದೆ. ಈಗ ದುರಸ್ತಿ 13, ವಿತರಣೆ 12, ಮರುಪಾವತಿ 11, ಬಿಲ್ಲಿಂಗ್ 9, ಖಾತೆ 7, ಇತರೆ 6. ಸೊನ್ನೆಯಿಂದಲೇ ಅಳೆದರೂ ದುರಸ್ತಿ ಇತರೆಯ ಎರಡು ಪಟ್ಟಿಗೂ ಮಿಗಿಲು, ಮತ್ತು ಆ ಎರಡು ಪಟ್ಟು ನಿಜವಾದದ್ದು. ನೂರರ ಹತ್ತಿರ ಗುಂಪುಗೂಡಿದ ಶೇಕಡಾವಾರು ಅಂಕಿಗಳಿಗೆಲ್ಲ ಈ ಉಪಾಯ ಒಗ್ಗುತ್ತದೆ, ಉಳಿದ ಭಾಗಕ್ಕೆ ತನ್ನದೇ ಅರ್ಥ ಇರಬೇಕು ಅಷ್ಟೆ. ಅರ್ಥ ಇಲ್ಲದಿದ್ದರೆ ಗೆರೆಯ ಚಾರ್ಟ್ ಬಳಸಿ. ಅಲ್ಲಿ ಕಣ್ಣು ನೋಡುವುದು ಏರಿಳಿತವನ್ನು, ಉದ್ದವನ್ನಲ್ಲ, ಹಾಗಾಗಿ ಅಕ್ಷ ಸೊನ್ನೆಯಿಂದ ಶುರುವಾಗಲೇಬೇಕೆಂಬ ಕಟ್ಟುಪಾಡಿಲ್ಲ.

ಕಂಬಗಳನ್ನು ಅಡ್ಡ ಪಟ್ಟಿಗಳಾಗಿ ಬದಲಿಸಿದೆ. ಹೆಸರು ಉದ್ದವಿದ್ದಾಗ ಕಂಬದ ಕೆಳಗೆ ಅದು ಓರೆಯಾಗಿ ಮಲಗುತ್ತದೆ, ಪರದೆಯ ಮೇಲೆ ಓದಲು ಕತ್ತು ವಾಲಿಸಬೇಕು. C ಕಾಲಮ್ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿ Bar ಚಾರ್ಟ್ ಹಾಕಿದರೆ ಮೊದಲ ಸಾಲು ಎಲ್ಲಕ್ಕಿಂತ ಕೆಳಗೆ ಹೋಗಿ ಕೂರುತ್ತದೆ, ಇದು ಹೊಸಬರನ್ನು ತಬ್ಬಿಬ್ಬು ಮಾಡುವ ಸಂಗತಿ. ಹೆಸರುಗಳ ಅಕ್ಷ ಆಯ್ದು Categories in reverse order ಗುರುತು ಹಾಕಿದರೆ ಸರಿಯಾಗುತ್ತದೆ. ಆಗ ಸಂಖ್ಯೆಗಳ ಅಕ್ಷ ಮೇಲಕ್ಕೆ ಜಿಗಿಯುತ್ತದೆ. ನಾನು ಆ ಸಂಖ್ಯೆಗಳನ್ನು ಹೇಗೂ ಮರೆಮಾಡುವವನಾದ್ದರಿಂದ ತಲೆಕೆಡಿಸಿಕೊಳ್ಳಲಿಲ್ಲ.

ಮರೆಮಾಡುವುದೇಕೆಂದರೆ, ಪಟ್ಟಿಯ ತುದಿಯಲ್ಲೇ ಅಂಕಿ ಬರೆದ ಮೇಲೆ ಅಕ್ಷದ ಸಂಖ್ಯೆ, ಗ್ರಿಡ್ ಗೆರೆ ಎರಡೂ ಅದನ್ನೇ ಮತ್ತೆ ಹೇಳುತ್ತವೆ. ಆರು ಪಟ್ಟಿ ಇದ್ದಾಗ ಡೇಟಾ ಲೇಬಲ್ ಇಟ್ಟುಕೊಂಡು ಮಿಕ್ಕಿದ್ದು ತೆಗೆಯುತ್ತೇನೆ. ಗ್ರಿಡ್ ಗೆರೆಗಳನ್ನು ಆಯ್ದು Delete ಒತ್ತುತ್ತೇನೆ. ಅಕ್ಷವನ್ನು ಮಾತ್ರ ಅಳಿಸದೆ, Format Axis ಒಳಗಿನ Labels ಅಡಿ Label Position ಅನ್ನು None ಮಾಡುತ್ತೇನೆ. ಹಾಗೆ ಮಾಡಿದರೆ ಮಿತಿಗಳನ್ನು ಮತ್ತೆ ನೋಡಬೇಕೆನಿಸಿದಾಗ ಅಕ್ಷ ಕೈಗೆ ಸಿಗುತ್ತದೆ. ಲೇಬಲ್‌ಗೆ Outside End ಜಾಗ ಕೊಡುತ್ತೇನೆ. ಸ್ಟ್ಯಾಕ್ಡ್ ಚಾರ್ಟ್‌ನಲ್ಲಿ ಆ ಆಯ್ಕೆ ಇರುವುದಿಲ್ಲ, ಅಲ್ಲಿ ತುಂಡುಗಳ ಒಳಗೇ ಬರೆಯಬೇಕು.

ಲೇಬಲ್‌ನಲ್ಲಿ ಜನ ಎಡವುವುದು ದಶಮಾಂಶದಲ್ಲಿ. ಒಂದು ವಿಭಾಗ 11.6, ಇನ್ನೊಂದು 12.4 ಇದ್ದು ಲೇಬಲ್ `0%` ಎಂದಿದ್ದರೆ ಎರಡರ ಮೇಲೂ 12% ಎಂದೇ ಬರುತ್ತದೆ. ಆದರೆ ಪಟ್ಟಿಗಳ ಉದ್ದ ಬೇರೆ ಬೇರೆ, ಏಕೆಂದರೆ ಪಟ್ಟಿಯನ್ನು ಎಳೆಯುವುದು ಸೆಲ್‌ನಲ್ಲಿರುವ ಪೂರ್ಣ ಮೌಲ್ಯದಿಂದ. ಯಾರಾದರೂ ಅದನ್ನು ಗಮನಿಸಿ ಕೇಳಿದರೆ ಐದು ನಿಮಿಷ ಹೋಯಿತು. ಎರಡು ಲೇಬಲ್ ಒಂದೇ ಆಗಿ ಪಟ್ಟಿ ಬೇರೆಯಾಗಿ ಕಂಡರೆ ಎಲ್ಲಾ ಲೇಬಲ್‌ಗಳನ್ನೂ `0.0%` ಮಾಡುತ್ತೇನೆ, ಇಲ್ಲದಿದ್ದರೆ `0%` ಸಾಕು. ಲೇಬಲ್ ಆಯ್ದು `Ctrl+1`, ಆಮೇಲೆ Number ವಿಭಾಗದಲ್ಲಿ Format Code ಬರೆದು Add ಒತ್ತಬೇಕು. Linked to source ಗುರುತು ಇದ್ದರೆ ಹಾಳೆಯ ಸೆಲ್ ಫಾರ್ಮ್ಯಾಟ್ ಬದಲಾದಾಗಲೆಲ್ಲ ಲೇಬಲ್ ಕೂಡ ಬದಲಾಗುತ್ತದೆ, ಆ ಗುರುತು ಹೋಗಿದೆಯೇ ನೋಡಿಕೊಳ್ಳಿ.

ಇನ್ನು Gap Width. ಇದು ಪಟ್ಟಿಗಳ ನಡುವಿನ ಖಾಲಿ ಜಾಗ, ಪಟ್ಟಿಯ ದಪ್ಪದ ಶೇಕಡಾವಾರಿನಲ್ಲಿ. 100% ಎಂದರೆ ಒಂದು ಪಟ್ಟಿಯಷ್ಟೇ ಅಗಲದ ಖಾಲಿ ಜಾಗ. ನನ್ನ ಕಾಲಮ್ ಚಾರ್ಟ್ ಹುಟ್ಟುವಾಗಲೇ 219% ಹೊತ್ತುಕೊಂಡು ಬಂದಿತ್ತು. ಲೆಕ್ಕ ಹಾಕಿದರೆ ಸಿಕ್ಕ ಜಾಗದಲ್ಲಿ 319ಕ್ಕೆ 100, ಅಂದರೆ ಮೂರನೇ ಒಂದು ಭಾಗಕ್ಕೂ ಕಡಿಮೆ ಬಣ್ಣ, ಮಿಕ್ಕಿದ್ದೆಲ್ಲ ಬಿಳಿ. ಹಿಂದಿನ ಸಾಲಿನಲ್ಲಿ ಕೂತವರಿಗೆ ಅದು ಕಡ್ಡಿಗಳಂತೆ ಕಾಣುತ್ತದೆ. ಪಟ್ಟಿಯ ಮೇಲೆ ಒತ್ತಿ Format Data Series ಒಳಗಿನ Series Options ಅಡಿ ಇದನ್ನು 60%ಕ್ಕೆ ಇಳಿಸಿದೆ, ಬಣ್ಣದ ಪಾಲು 62.5%ಕ್ಕೆ ಏರಿತು. ಆರೇಳು ಪಟ್ಟಿಗಳಿಗೆ 50ರಿಂದ 80ರೊಳಗೆ ಎಲ್ಲಿಟ್ಟರೂ ನಡೆಯುತ್ತದೆ. ಸೊನ್ನೆಗೆ ಮಾತ್ರ ಇಳಿಸಬೇಡಿ. ಒಂದಕ್ಕೊಂದು ತಾಗಿದ ಪಟ್ಟಿಗಳು ಹಿಸ್ಟೋಗ್ರಾಮ್‌ನ ಗುರುತು, ಒಂದರ ಅಂತ್ಯದಲ್ಲಿ ಇನ್ನೊಂದು ಶುರುವಾಗುವ ವಯಸ್ಸಿನ ಗುಂಪುಗಳಂಥವಕ್ಕೆ ಅದು ಸರಿ, ಬಿಲ್ಲಿಂಗ್ ಮತ್ತು ಖಾತೆಗೆ ಅಲ್ಲ. ಹೋದ ತಿಂಗಳನ್ನೂ ಜೊತೆಗೆ ತೋರಿಸುವಾಗ ಪಕ್ಕದಲ್ಲೇ ಇರುವ Series Overlap ಅನ್ನು 0 ಮಾಡುತ್ತೇನೆ. ಒಂದು ವಿಭಾಗದ ಎರಡು ಪಟ್ಟಿಗಳು ಅಂಟಿಕೊಂಡು ಜೋಡಿಯಾಗಿ ಕಾಣುತ್ತವೆ.

ಶೀರ್ಷಿಕೆಗೆ ಬಂದರೆ, Chart Title ಎಂದಿರುವಲ್ಲಿ ‘ದೂರು ವಿವರ’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಯಾವ ಅಳತೆ, ಯಾರದು ಹೆಚ್ಚು, ಎಷ್ಟು, ಇವು ಅಲ್ಲೇ ಇರಲಿ. ಪ್ರತಿ ತಿಂಗಳೂ ಕೈಯಲ್ಲಿ ಬರೆಯುವ ಬದಲು ಖಾಲಿ ಸೆಲ್ E1ರಲ್ಲಿ ವಾಕ್ಯ ಕಟ್ಟಿದ್ದೇನೆ:

```
="24 ಗಂಟೆಯೊಳಗೆ ಮುಗಿಯದ ದೂರುಗಳು: "&A2&" ವಿಭಾಗದಲ್ಲಿ ಅತಿ ಹೆಚ್ಚು, "&TEXT(C2,"0%")
```

ಪ್ರತಿ ತಿಂಗಳೂ ಹೊಸ ಅಂಕಿ ತುಂಬಿದ ಮೇಲೆ ಮತ್ತೆ ಸಾರ್ಟ್ ಮಾಡುವುದರಿಂದ ಎರಡನೇ ಸಾಲಿನಲ್ಲಿ ಯಾವಾಗಲೂ ಅತಿ ಹೆಚ್ಚಿನದೇ ಇರುತ್ತದೆ. ಚಾರ್ಟ್ ಶೀರ್ಷಿಕೆಯನ್ನು ಒಮ್ಮೆ ಒತ್ತಿ, ಫಾರ್ಮುಲಾ ಬಾರ್‌ನಲ್ಲಿ `=` ಟೈಪ್ ಮಾಡಿ, E1 ಮೇಲೆ ಒತ್ತಿ Enter. ಅಲ್ಲಿ `=Sheet1!$E$1` ಎಂದು ಕೂರುತ್ತದೆ. ಫಾರ್ಮುಲಾ ಬಾರ್‌ನಲ್ಲೇ ಇಡೀ ಸೂತ್ರ ಬರೆಯಲು ಹೋದರೆ ಎಕ್ಸೆಲ್ ಒಪ್ಪುವುದಿಲ್ಲ, ಒಂದು ಸೆಲ್‌ನ ವಿಳಾಸ ಮಾತ್ರ ಸಾಧ್ಯ. ಇದಕ್ಕೆ ತೆರುವ ಬೆಲೆ ಏನೆಂದರೆ, ಹೀಗೆ ಜೋಡಿಸಿದ ಶೀರ್ಷಿಕೆಯಲ್ಲಿ ಒಂದೆರಡು ಪದಗಳಿಗೆ ಮಾತ್ರ ಬಣ್ಣ ಹಾಕಲು ಬರುವುದಿಲ್ಲ. ಯಾರಾದರೂ ಅದರೊಳಗೆ ಕರ್ಸರ್ ಇಟ್ಟು ತಿದ್ದಿದರೆ ಕೊಂಡಿ ಕಳಚುತ್ತದೆ, ಮುಂದಿನ ತಿಂಗಳು ಹಳೆಯ ವಾಕ್ಯವೇ ನಿಂತಿರುತ್ತದೆ. ಅಳತೆ ಏನೆಂದು ಶೀರ್ಷಿಕೆ ಹೇಳಿಬಿಟ್ಟಿರುವುದರಿಂದ ಅಕ್ಷದ ಶೀರ್ಷಿಕೆ, ಲೆಜೆಂಡ್ ಎರಡನ್ನೂ ತೆಗೆದೆ.

ಮೊದಲ ಪಟ್ಟಿಗೆ ಗಾಢ ಬಣ್ಣ, ಮಿಕ್ಕವಕ್ಕೆ ಬೂದು. ಒಮ್ಮೆ ಒತ್ತಿದರೆ ಎಲ್ಲಾ ಪಟ್ಟಿಗಳು, ಇನ್ನೊಮ್ಮೆ ಒತ್ತಿದರೆ ಅದೊಂದೇ ಆಯ್ಕೆಯಾಗುತ್ತದೆ. ಈ ಬಣ್ಣ ವಿಭಾಗದ ಹೆಸರಿಗಲ್ಲ, ಆ ಸ್ಥಾನಕ್ಕೆ ಅಂಟಿರುತ್ತದೆ, ಹಾಗಾಗಿ ಮುಂದಿನ ತಿಂಗಳು ವಿತರಣೆ ಮೇಲೆ ಬಂದರೆ ಗಾಢ ಬಣ್ಣ ತಾನಾಗಿ ಅದಕ್ಕೇ ಹೋಗುತ್ತದೆ. ನನಗೆ ಬೇಕಾದದ್ದೂ ಅದೇ.

ಕೊನೆಯದಾಗಿ, ಅಕ್ಷದ ಮೇಲಿನ ಮಿತಿಯನ್ನು `0.2`ಕ್ಕೆ ನಿಗದಿ ಮಾಡಿದ್ದೇನೆ, ತಿಂಗಳುಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಅದು ಬೇಕು. ಆದರೆ ಯಾವುದೋ ವಿಭಾಗ 25% ಆದರೆ ಪಟ್ಟಿ 20ಕ್ಕೇ ಕತ್ತರಿಸಿಹೋಗುತ್ತದೆ, ಎಕ್ಸೆಲ್ ಒಂದು ಮಾತೂ ಹೇಳುವುದಿಲ್ಲ. ಅದಕ್ಕಾಗಿ ಚಾರ್ಟ್ ಪಕ್ಕದ ಸೆಲ್‌ನಲ್ಲಿ ಇದನ್ನು ಇಟ್ಟಿದ್ದೇನೆ:

```
=IF(MAX(C2:C7)>0.2,"ಅಕ್ಷದ ಮಿತಿ ದಾಟಿದೆ","")
```

ಚಾರ್ಟನ್ನು ಸ್ಲೈಡ್‌ಗೆ ನಕಲು ಮಾಡುವ ಮುಂಚೆ ಆ ಸೆಲ್ ಖಾಲಿ ಇದೆಯೇ ನೋಡುತ್ತೇನೆ. ಮಿತಿ ಏರಿಸಬೇಕಾಗಿ ಬಂದರೆ ಹೋದ ತಿಂಗಳ ಚಾರ್ಟಿನ ಮಿತಿಯನ್ನೂ ಜೊತೆಗೇ ಏರಿಸಿ, ಎರಡನ್ನೂ ಮತ್ತೆ ನಕಲು ಮಾಡುತ್ತೇನೆ.